ನೊಣ ಹೊಡೆಯಲು ನಾಲ್ವರು

ನಮ್ಮಲ್ಲಿ ವೆಬ್ ಸರಣಿಗಳ ವಿಮರ್ಶೆ ಬರೆಯುವುದು ಬಹಳ ಸುಲಭ. ಎರಡು ವಾಕ್ಯ ಬಾಯಿಪಾಠ ಇದ್ದರೆ ಸಾಕು. ಹಿಡಿಸಿದರೆ ‘ನಿರ್ದೇಶಕರ ಹಿಡಿತ ಬಿಗಿಯಾಗಿದೆ’, ಹಿಡಿಸದಿದ್ದರೆ ‘ದ್ವಿತೀಯಾರ್ಧದಲ್ಲಿ ನಿರ್ದೇಶಕರು ಎಡವಿದ್ದಾರೆ’. ಸಿನಿಮಾ ನೋಡಿ ಕಲಿತ ಈ ವಿದ್ಯೆಯನ್ನು ಅಮೆರಿಕದ ಐದು ಸೀಸನ್ನಿನ ಸರಣಿಗಳ ಮೇಲೂ ಧಾರಾಳವಾಗಿ ಪ್ರಯೋಗಿಸಲಾಗುತ್ತಿದೆ. ಆ ಸರಣಿಗೆ ಹದಿನೈದು ಜನ ನಿರ್ದೇಶಕರಿದ್ದರು ಎಂಬ ಸಣ್ಣ ವಿಷಯ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ.

‘ಬೋರ್ಡ್‌ವಾಕ್ ಎಂಪೈರ್’ ಬಂದದ್ದು 2010ರಲ್ಲಿ. ಅದನ್ನು ನೋಡಿದವರೆಲ್ಲ ಇವತ್ತಿಗೂ ಹೇಳುವುದು ‘ಮಾರ್ಟಿನ್ ಸ್ಕಾರ್ಸೆಸಿ ಸೀರಿಯಲ್’ ಅಂತಲೇ. ಐದು ಸೀಸನ್, 56 ಕಂತು. ಸ್ಕಾರ್ಸೆಸಿ ನಿರ್ದೇಶಿಸಿದ್ದು ಎಷ್ಟು? ಒಂದು. ಮೊದಲನೆಯದು. ಆ ಒಂದಕ್ಕೆ ಎಮ್ಮಿ ಪ್ರಶಸ್ತಿಯೂ ಬಂತು, ಬರಬೇಕಾದ್ದೇ. ಉಳಿದ 55 ಕಂತು ತಾನಾಗಿ ಆಗಲಿಲ್ಲ. ಕಥೆ ಯಾವ ದಿಕ್ಕಿಗೆ ಹೋಗಬೇಕು, ಯಾರು ಯಾವ ಸೀಸನ್ನಿನಲ್ಲಿ ಸಾಯಬೇಕು ಎಂದು ವರ್ಷಗಟ್ಟಲೆ ತಲೆ ಕೆಡಿಸಿಕೊಂಡವರು ಟೆರೆನ್ಸ್ ವಿಂಟರ್ ಎಂಬ ಬರಹಗಾರ. ಸರಣಿಯ ಶೋರನ್ನರ್ ಅವರೇ. ಅವರ ಹೆಸರು ಹೇಳಿದರೆ ನಮ್ಮ ಸಿನಿಮಾ ಪಂಡಿತರು ‘ಯಾರು, ಕ್ಯಾಮೆರಾಮನ್ನಾ?’ ಎನ್ನುತ್ತಾರೆ.

ಹಾಗಾದರೆ ಒಂದು ಸರಣಿಯಲ್ಲಿ ಶೋರನ್ನರ್ ಯಾರು, ಹೆಡ್ ರೈಟರ್ ಯಾರು, ನಿರ್ದೇಶಕ ಯಾರು, ನಿರ್ಮಾಪಕ ಯಾರು? ಇದನ್ನು ತಿಳಿಯಲು ಒಂದು ನೊಣ ಸಾಕು.

‘ಬ್ರೇಕಿಂಗ್ ಬ್ಯಾಡ್’ ನೋಡಿದವರಿಗೆ ಮೂರನೇ ಸೀಸನ್ನಿನ ಹತ್ತನೇ ಕಂತು ನೆನಪಿರುತ್ತದೆ. ಹೆಸರು ‘ಫ್ಲೈ’, ಪ್ರಸಾರವಾದದ್ದು 2010ರ ಮೇ ತಿಂಗಳಲ್ಲಿ. ಮಾದಕ ಪದಾರ್ಥ ತಯಾರಿಸುವ ಮೇಷ್ಟ್ರು ವಾಲ್ಟರ್ ವೈಟ್ ನೆಲಮಾಳಿಗೆಯ ಲ್ಯಾಬಿನಲ್ಲಿ ಒಂದು ನೊಣ ಕಾಣುತ್ತಾನೆ. ಇಡೀ ಕಂತು ಆ ನೊಣವನ್ನು ಅಟ್ಟಿಸಿಕೊಂಡು ಓಡುತ್ತಾನೆ. ಶಿಷ್ಯ ಜೆಸ್ಸಿ ಬಂದು ಜೊತೆಗೂಡುತ್ತಾನೆ. ಹೆಚ್ಚುಕಡಿಮೆ ಇಷ್ಟೇ ಕಥೆ. ಅರ್ಧ ಜನ ಇದನ್ನು ಸರಣಿಯ ಶ್ರೇಷ್ಠ ಕಂತು ಎಂದರು, ಇನ್ನರ್ಧ ಜನ ‘ಇವರಿಗೇನು ಕೆಲಸ ಇಲ್ಲವಾ, ನೊಣ ಹೊಡೀತಾ ಕೂತಿದಾರೆ’ ಎಂದು ಬೈದರು. ಎರಡು ಗುಂಪೂ ಒಪ್ಪಿದ್ದು ಒಂದೇ ಮಾತು: ಇದು ನಿರ್ದೇಶಕನ ತಲೆಹರಟೆ.

ಅಲ್ಲ. ಆ ನೊಣವನ್ನು ಲ್ಯಾಬಿಗೆ ಬಿಟ್ಟದ್ದು ಲೆಕ್ಕದ ಪುಸ್ತಕ.

ಆ ಹೊತ್ತಿಗೆ ಸರಣಿಯ ಬಜೆಟ್ ಕೈಮೀರಿತ್ತು. ಅಮೆರಿಕದಲ್ಲಿ ಹೊರಾಂಗಣ ಚಿತ್ರೀಕರಣ ಎಂದರೆ ಕ್ಯಾಮೆರಾ ಒಂದೇ ಹೋಗುವುದಿಲ್ಲ. ಲೈಟಿನ ಲಾರಿ, ಮೇಕಪ್ಪಿನ ವ್ಯಾನು, ಊಟದ ಗಾಡಿ, ಕಲಾವಿದರ ಕೋಣೆಗಳು, ಎಲ್ಲಾ ಸಾಲಾಗಿ ಹೊರಡಬೇಕು, ಸಂಜೆ ಸಾಲಾಗಿ ವಾಪಸ್ ಬರಬೇಕು. ಪ್ರತಿ ಸ್ಥಳಾಂತರಕ್ಕೂ ದುಡ್ಡು, ಅದಕ್ಕಿಂತ ಮುಖ್ಯವಾಗಿ ಹೊತ್ತು. ಒಂದು ಗಂಟೆಯ ಕಂತನ್ನು ಸುಮಾರು ಎಂಟು ದಿನದಲ್ಲಿ ಚಿತ್ರೀಕರಿಸಬೇಕು. ಅದರಲ್ಲಿ ಲಾರಿ ತಿರುಗಿಸುವುದಕ್ಕೇ ಎರಡು ದಿನ ಹೋದರೆ ನಟಿಸುವುದು ಯಾವಾಗ? ಈ ಲೆಕ್ಕ ಇಡುವವರು ಲೈನ್ ಪ್ರೊಡ್ಯೂಸರ್. ನಾಲ್ವರ ಪೈಕಿ ನಿಜವಾದ ಅರ್ಥದಲ್ಲಿ ನಿರ್ಮಾಣದ ಕೆಲಸ ಮಾಡುವವರು ಇವರೊಬ್ಬರೇ. ಇವರು ‘ಕಥೆ ಚೆನ್ನಾಗಿಲ್ಲ’ ಎನ್ನುವುದಿಲ್ಲ. ‘ಈ ದೃಶ್ಯ ಬೇಕಾದರೆ ಮಾಡೋಣ, ಆ ದೃಶ್ಯ ಕೈಬಿಡಿ’ ಎನ್ನುತ್ತಾರೆ. ಕಥೆ ಚೆನ್ನಾಗಿಲ್ಲ ಎನ್ನುವವರನ್ನಾದರೂ ವಾದದಲ್ಲಿ ಸೋಲಿಸಬಹುದು, ಹೀಗೆ ಹೇಳುವವರನ್ನು ಸೋಲಿಸಲಾಗುವುದಿಲ್ಲ.

ಈಗ ಚೆಂಡು ಶೋರನ್ನರ್ ಅಂಗಳಕ್ಕೆ ಬಂತು. ಇಲ್ಲಿ ಅವರು ವಿನ್ಸ್ ಗಿಲ್ಲಿಗನ್. ಅವರ ಮುಂದಿದ್ದ ಪ್ರಶ್ನೆ ಕಲೆಯದೂ ಅಲ್ಲ, ಹಣದ್ದೂ ಅಲ್ಲ, ಎರಡರದೂ. ಕಡೆಯ ಕಂತುಗಳನ್ನು ಸೊರಗಿಸುವುದೋ, ನಡುವಿನ ಒಂದನ್ನು ಅಗ್ಗದಲ್ಲಿ ಮುಗಿಸಿ ಉಳಿತಾಯ ಮಾಡುವುದೋ? ಇದನ್ನು ಲೈನ್ ಪ್ರೊಡ್ಯೂಸರ್ ತೀರ್ಮಾನಿಸಲಾರರು, ಮುಂದಿನ ಕಂತುಗಳಲ್ಲಿ ಏನು ಬರಲಿದೆ ಎಂಬುದರ ತೂಕ ಅವರಿಗೆ ಗೊತ್ತಿಲ್ಲ. ನಿರ್ದೇಶಕರಂತೂ ಇನ್ನೂ ಊರಿಗೇ ಬಂದಿಲ್ಲ. ಇಡೀ ಸೀಸನ್ನಿನ ಕಥೆ ಮತ್ತು ಇಡೀ ಸೀಸನ್ನಿನ ಖರ್ಚು ಎರಡನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡ ಮನುಷ್ಯ ಒಬ್ಬರೇ. ಅವರನ್ನೇ ಶೋರನ್ನರ್ ಎನ್ನುವುದು. ಇದ್ದ ಸೆಟ್ಟಿನಲ್ಲೇ, ಇದ್ದ ನಟರಲ್ಲೇ ಒಂದು ಕಂತು ಮುಗಿಸೋಣ ಎಂದು ಗಿಲ್ಲಿಗನ್ ತೀರ್ಮಾನಿಸಿದರು. ಅಲ್ಲಿಯವರು ಇದನ್ನು ‘ಬಾಟಲ್ ಎಪಿಸೋಡ್’ ಎನ್ನುತ್ತಾರೆ. ಲ್ಯಾಬಿನ ಸೆಟ್ ಹೇಗೂ ನಿಂತಿತ್ತು. ಇಬ್ಬರು ನಟರು ಹೇಗೂ ಸಂಬಳದಲ್ಲಿದ್ದರು.

ಬರಹಗಾರರ ಕೋಣೆ ಇದ್ದದ್ದು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕಿನಲ್ಲಿ. ಚಿತ್ರೀಕರಣ ನಡೆಯುತ್ತಿದ್ದದ್ದು ಸಾವಿರ ಕಿಲೋಮೀಟರಿಗೂ ದೂರದ ಆಲ್ಬುಕರ್ಕಿಯಲ್ಲಿ. ಕೋಣೆಯಲ್ಲಿ ಒಂದು ಬೆಂಡಿನ ಹಲಗೆ, ಅದರ ಮೇಲೆ ದೃಶ್ಯಕ್ಕೊಂದರಂತೆ ಚೀಟಿ. ಏಳೆಂಟು ಜನ ಬೆಳಗಿನಿಂದ ಸಂಜೆತನಕ ಕೂತು ಆ ಚೀಟಿಗಳ ಬಗ್ಗೆ ಜಗಳ ಆಡುತ್ತಾರೆ. ನೊಣ ಯಾವ ಕಡೆ ಹಾರಬೇಕು ಎಂಬುದಲ್ಲ ಜಗಳ. ಇಡೀ ಕಂತು ಇಬ್ಬರೇ ಮಾತಾಡುತ್ತಾರೆಂದರೆ ಅವರು ಹೇಳಿಕೊಳ್ಳದೇ ಉಳಿದ ಮಾತು ಯಾವುದು ಎಂಬುದು. ಒಂದು ದೊಡ್ಡ ಮಾತಿತ್ತು. ಹಿಂದಿನ ಸೀಸನ್ನಿನಲ್ಲಿ ಜೆಸ್ಸಿಯ ಗೆಳತಿ ಜೇನ್ ಸಾಯುವಾಗ ವಾಲ್ಟರ್ ಪಕ್ಕದಲ್ಲೇ ನಿಂತು ನೋಡಿದ್ದ, ಉಳಿಸಲಿಲ್ಲ. ಜೆಸ್ಸಿಗೆ ಅದು ಗೊತ್ತಿಲ್ಲ. ನಿದ್ದೆಮಾತ್ರೆಯ ಮಂಪರಿನಲ್ಲಿ ವಾಲ್ಟರ್ ಅದನ್ನು ಬಾಯಿಬಿಡುವ ಅಂಚಿಗೆ ಬರುತ್ತಾನೆ, ಬಿಡುವುದಿಲ್ಲ. ಇಷ್ಟನ್ನು ಹಲಗೆಯ ಮೇಲೆ ಎಲ್ಲರೂ ಸೇರಿ ಕಟ್ಟಿದ ಮೇಲೆ ಸ್ಯಾಮ್ ಕ್ಯಾಟ್ಲಿನ್ ಮತ್ತು ಮೊಯಿರಾ ವಾಲಿ-ಬೆಕೆಟ್ ಕೂತು ಬರೆದರು. ಪರದೆಯ ಮೇಲೆ ಬರುವುದು ಅವರಿಬ್ಬರ ಹೆಸರು ಮಾತ್ರ. ಜಗಳ ಆಡಿದ ಉಳಿದವರಿಗೆ ಸಂಬಳ.

ಇಷ್ಟೆಲ್ಲ ಆದಮೇಲೆ ನಿರ್ದೇಶಕರ ಪ್ರವೇಶ. ರಿಯಾನ್ ಜಾನ್ಸನ್ ಆಗ ಎರಡು ಸಿನಿಮಾ ಮಾಡಿದ್ದ ಹುಡುಗ. ಮುಂದೆ 2017ರಲ್ಲಿ ಇದೇ ಮನುಷ್ಯ ‘ಸ್ಟಾರ್ ವಾರ್ಸ್’ ನಿರ್ದೇಶಿಸಿದರು. ನಮ್ಮ ಟೆಂಟ್ ಮೇಳಗಳಿಗೆ ಒಂದು ರಾತ್ರಿಯ ಮಟ್ಟಿಗೆ ಬರುವ ಅತಿಥಿ ಕಲಾವಿದನ ಸ್ಥಾನ ಅವರದು. ಪ್ರಸಂಗ ಗೊತ್ತು ಮಾಡಿದ್ದಾಗಿದೆ, ವೇಷ ಹಂಚಿದ್ದಾಗಿದೆ, ಪದ ಹೇಳಿ ಆಟ ನಡೆಸುವ ಭಾಗವತರು ಬೇರೆ ಇದ್ದಾರೆ. ಬಂದವರು ರಂಗಸ್ಥಳದಲ್ಲಿ ಕುಣಿದು ಚಪ್ಪಾಳೆ ಗಿಟ್ಟಿಸಬಹುದು, ಪ್ರಸಂಗದ ಅಂತ್ಯ ಬದಲಿಸುವಂತಿಲ್ಲ. ಸುಮಾರು ಒಂದು ವಾರ ತಯಾರಿ. ಆ ವಾರದಲ್ಲಿ ‘ಟೋನ್ ಮೀಟಿಂಗ್’ ಎಂಬುದೊಂದಿದೆ. ಶೋರನ್ನರ್ ಮತ್ತು ನಿರ್ದೇಶಕ ಸ್ಕ್ರಿಪ್ಟನ್ನು ಪುಟಪುಟವಾಗಿ ತಿರುವುತ್ತಾ ಕೂರುತ್ತಾರೆ. ಈ ಸಾಲಿನಲ್ಲಿ ಅವನು ಸುಳ್ಳು ಹೇಳುತ್ತಿದ್ದಾನೆ, ಈ ಜಾಗದಲ್ಲಿ ನಗು ಬರಬೇಕು, ಇಲ್ಲಿ ಬರಬಾರದು ಎಂದು ಶೋರನ್ನರ್ ಹೇಳುತ್ತಾ ಹೋಗುತ್ತಾರೆ. ಹೆಸರಿಗೆ ಮೀಟಿಂಗ್, ವಾಸ್ತವದಲ್ಲಿ ಪಾಠ.

ಹಾಗೆಂದು ನಿರ್ದೇಶಕರದ್ದು ಏನೂ ಇಲ್ಲ ಎಂದಲ್ಲ. ಒಂದೇ ಕೋಣೆ, ಇಬ್ಬರೇ ಮನುಷ್ಯರು, ಮುಕ್ಕಾಲು ಗಂಟೆ. ಅದನ್ನು ನೋಡಿಸಿಕೊಂಡು ಹೋಗುವಂತೆ ಮಾಡಿದ್ದು ಜಾನ್ಸನ್ ಕ್ಯಾಮೆರಾ ಇಟ್ಟ ಜಾಗಗಳೇ. ಕಂತು ಶುರುವಾಗುವುದೇ ನೊಣದ ಕಾಲು, ಕಣ್ಣು, ರೆಕ್ಕೆಯನ್ನು ಪರದೆ ತುಂಬ ತೋರಿಸುವುದರಿಂದ. ಏಣಿಯ ಮೇಲೆ ಜೆಸ್ಸಿ, ಕೆಳಗೆ ಏಣಿ ಹಿಡಿದು ತೂಕಡಿಸುತ್ತಿರುವ ವಾಲ್ಟರ್, ಬಾಯಿಗೆ ಬಂದ ಸತ್ಯ. ಆ ದೃಶ್ಯದಲ್ಲಿ ಉಸಿರು ಬಿಗಿಹಿಡಿಯುವಂತೆ ಮಾಡಿದ್ದು ನಿರ್ದೇಶನ. ಆದರೆ ಆ ಸತ್ಯ ಅಲ್ಲಿ ಹೊರಬೀಳಬಾರದು ಎಂಬುದು ಅವರ ತೀರ್ಮಾನವಲ್ಲ. ಬೇಕಿದ್ದರೆ ಸಾಕ್ಷಿ ನೋಡಿ. ವಾಲ್ಟರ್ ಆ ಸತ್ಯವನ್ನು ಜೆಸ್ಸಿಯ ಮುಖಕ್ಕೆ ಎಸೆಯುವುದು ಮೂರು ವರ್ಷಗಳ ನಂತರ, 2013ರ ಸೆಪ್ಟೆಂಬರಿನಲ್ಲಿ ಬಂದ ‘ಒಝಿಮ್ಯಾಂಡಿಯಸ್’ ಕಂತಿನಲ್ಲಿ. ಅದನ್ನೂ ನಿರ್ದೇಶಿಸಿದ್ದು ಇದೇ ಜಾನ್ಸನ್, ಬರೆದದ್ದು ಇದೇ ವಾಲಿ-ಬೆಕೆಟ್. ಅದೇ ನಿರ್ದೇಶಕ, ಅದೇ ಲೇಖಕಿ, ಅದೇ ನಟರು. ಮೊದಲ ಸಲ ನುಂಗು ಎಂದಿತ್ತು ಹಲಗೆಯ ಮೇಲಿನ ಚೀಟಿ, ಎರಡನೇ ಸಲ ಉಗುಳು ಎಂದಿತು. ಇದರ ನಡುವಿನ ಮೂರು ವರ್ಷ ಆ ಗುಟ್ಟನ್ನು ಕಾದವರು ಶೋರನ್ನರ್.

ಚಿತ್ರೀಕರಣ ಮುಗಿದ ಮೇಲೆ ಏನಾಗುತ್ತದೆ ಎನ್ನುವುದು ಇನ್ನೂ ಸ್ವಾರಸ್ಯ. ನಿರ್ದೇಶಕರ ಸಂಘದ ಒಪ್ಪಂದದಂತೆ ಒಂದು ಗಂಟೆಯ ಕಂತಿಗೆ ನಿರ್ದೇಶಕರಿಗೆ ಎಡಿಟಿಂಗ್ ಕೋಣೆಯಲ್ಲಿ ಸಿಗುವುದು ನಾಲ್ಕು ದಿನ. ಅಷ್ಟರಲ್ಲಿ ತಮ್ಮ ಆವೃತ್ತಿ ಕೊಟ್ಟು ನಮಸ್ಕಾರ ಹೇಳಿ ಮುಂದಿನ ಸರಣಿಯ ವಿಮಾನ ಹತ್ತಬೇಕು. ಆಮೇಲೆ ಶೋರನ್ನರ್ ಬಂದು ಕೂರುತ್ತಾರೆ. ಇದ್ದ ದೃಶ್ಯ ತೆಗೆಯುತ್ತಾರೆ, ತೆಗೆದದ್ದನ್ನು ಹಾಕುತ್ತಾರೆ. ನಂತರ ಸ್ಟುಡಿಯೊದವರ ಟಿಪ್ಪಣಿ, ಚಾನೆಲ್‌ನವರ ಟಿಪ್ಪಣಿ. ಅವನ್ನು ಒಪ್ಪುವುದೋ, ತಲೆಯಾಡಿಸಿ ಮರೆಯುವುದೋ ಎಂಬುದೂ ಶೋರನ್ನರ್‌ಗೇ ಸೇರಿದ ಕಲೆ. ಇಷ್ಟಾಗಿಯೂ ಶೀರ್ಷಿಕೆಯ ಹೆಸರುಗಳಲ್ಲಿ ಕೊನೆಯ, ಅತ್ಯಂತ ಗೌರವದ ಸ್ಥಾನ ನಿರ್ದೇಶಕರಿಗೆ ಮೀಸಲು. ಶೋರನ್ನರ್ ಎಂಬ ಪದ ಮಾತ್ರ ಪರದೆಯ ಮೇಲೆ ಹುಡುಕಿದರೂ ಸಾಮಾನ್ಯವಾಗಿ ಸಿಗುವುದಿಲ್ಲ. ಅವರು ‘ಎಕ್ಸಿಕ್ಯುಟಿವ್ ಪ್ರೊಡ್ಯೂಸರ್’ ಎಂಬ ಜಂಗುಳಿಯಲ್ಲಿ ಒಬ್ಬರು.

ಈ ಜಂಗುಳಿಯ ಬಗ್ಗೆ ಎರಡು ಮಾತು. ಗಾಂಧಿನಗರದಲ್ಲಿ ನಿರ್ಮಾಪಕ ಎಂದರೆ ಅರ್ಥ ಸ್ಪಷ್ಟ: ಸೈಟು ಅಡವಿಟ್ಟವನು. ಅಮೆರಿಕದ ಸರಣಿಯ ಶುರುವಿನಲ್ಲಿ ಹನ್ನೆರಡು ಜನ ಪ್ರೊಡ್ಯೂಸರ್‌ಗಳ ಹೆಸರು ಬಂದಾಗ ನಮ್ಮವರು ‘ಅಬ್ಬಾ, ಇಷ್ಟು ಜನ ದುಡ್ಡು ಹಾಕಿದಾರಾ?’ ಎಂದು ಮರುಗುತ್ತಾರೆ. ಮರುಗಬೇಡಿ. ದುಡ್ಡು ಸ್ಟುಡಿಯೊ ಮತ್ತು ಚಾನೆಲ್‌ನದು. ಆ ಹನ್ನೆರಡರಲ್ಲಿ ಬಹುಪಾಲು ಜನ ಬರಹಗಾರರು. ಸ್ಟಾಫ್ ರೈಟರ್ ಆಗಿ ಸೇರಿದವರು ಬಡ್ತಿ ಪಡೆದು ಸ್ಟೋರಿ ಎಡಿಟರ್ ಆಗುತ್ತಾರೆ, ಆಮೇಲೆ ಕೋ-ಪ್ರೊಡ್ಯೂಸರ್, ಪ್ರೊಡ್ಯೂಸರ್, ಸೂಪರ್‌ವೈಸಿಂಗ್ ಪ್ರೊಡ್ಯೂಸರ್, ಕೋ-ಎಕ್ಸಿಕ್ಯುಟಿವ್ ಪ್ರೊಡ್ಯೂಸರ್. ಗುಮಾಸ್ತೆ ಶಿರಸ್ತೇದಾರನಾದಂತೆ ಇದು ಬರೀ ದರ್ಜೆ. ಕೂರುವುದು ಅದೇ ಕೋಣೆ, ಆಡುವುದು ಅದೇ ಜಗಳ. ಮಿಕ್ಕವರಲ್ಲಿ ಒಬ್ಬರು ಲೈನ್ ಪ್ರೊಡ್ಯೂಸರ್, ಒಬ್ಬರು ಮೊದಲ ಕಂತು ನಿರ್ದೇಶಿಸಿ ಹೋದವರು, ಒಬ್ಬರು ಕಾದಂಬರಿಯ ಹಕ್ಕು ತಂದುಕೊಟ್ಟವರು, ಇನ್ನೊಬ್ಬರು ನಾಯಕನಟನ ಮ್ಯಾನೇಜರ್. ಈ ಕೊನೆಯವರು ಏನು ಮಾಡುತ್ತಾರೆ ಎಂದು ಕೇಳುವುದು ಸಭ್ಯತೆಯಲ್ಲ.

ಹೆಡ್ ರೈಟರ್ ಎಲ್ಲಿ ಬಂದರು? ಅಮೆರಿಕದ ನಾಟಕೀಯ ಸರಣಿಗಳಲ್ಲಿ ಸಾಮಾನ್ಯವಾಗಿ ಶೋರನ್ನರೇ ಹೆಡ್ ರೈಟರ್, ಆದ್ದರಿಂದ ಆ ಹೆಸರು ಬೇರೆಯಾಗಿ ಕಾಣುವುದಿಲ್ಲ. ಅವರು ಸೆಟ್ಟಿಗೋ ಎಡಿಟಿಂಗಿಗೋ ಹೋದಾಗ ಕೋಣೆ ನಡೆಸಲು ಎರಡನೆಯ ಹಿರಿಯರೊಬ್ಬರಿರುತ್ತಾರೆ. ಹುದ್ದೆ ಬೇರೆಯಾಗಿ ಕಾಣುವುದು ಹಗಲಿನ ಸೋಪ್‌ಗಳಲ್ಲಿ, ತಡರಾತ್ರಿಯ ಹಾಸ್ಯ ಕಾರ್ಯಕ್ರಮಗಳಲ್ಲಿ. ‘ಸ್ಯಾಟರ್‌ಡೇ ನೈಟ್ ಲೈವ್’ನಲ್ಲಿ ಟೀನಾ ಫೇ 1999ರಲ್ಲಿ ಹೆಡ್ ರೈಟರ್ ಆದರು. ಜೋಕಿಗೆ ನಗು ಬರದಿದ್ದರೆ ಅವರು ಹೊಣೆ. ಆದರೆ ಆ ಜೋಕು ಇರಬೇಕೋ ಬೇಡವೋ ಎಂಬ ಕೊನೆಯ ಮಾತು ಎಕ್ಸಿಕ್ಯುಟಿವ್ ಪ್ರೊಡ್ಯೂಸರ್ ಲಾರ್ನ್ ಮೈಕಲ್ಸ್ ಅವರದು. ಹೆಡ್ ರೈಟರ್ ಪುಟಕ್ಕೆ ಒಡೆಯ, ಶೋರನ್ನರ್ ಪುಟದಿಂದ ಪರದೆಯವರೆಗಿನ ಎಲ್ಲಕ್ಕೂ. ಈ ವ್ಯತ್ಯಾಸದಲ್ಲಿ ಎಷ್ಟು ಸಂಕಟವಿದೆಯೆಂದರೆ ಟೀನಾ ಫೇ 2006ರಲ್ಲಿ ‘30 ರಾಕ್’ ಎಂಬ ಹಾಸ್ಯ ಸರಣಿಯನ್ನೇ ಕಟ್ಟಿದರು. ಅದರ ನಾಯಕಿ ಒಬ್ಬ ಹೆಡ್ ರೈಟರ್. ತಲೆಯ ಮೇಲೆ ಕಂಪನಿಯ ಮ್ಯಾನೇಜರ್, ಕಾಲಡಿ ಸೋಮಾರಿ ಬರಹಗಾರರು, ಎದುರಿಗೆ ಹುಚ್ಚು ತಾರೆಯರು.

ಶೋರನ್ನರ್ ಎಂಬ ಜೀವಿ ಅರ್ಧ ಲೇಖಕ, ಅರ್ಧ ಮ್ಯಾನೇಜರ್ ಎಂಬುದು ತೆರೆಯ ಮೇಲೆ ಕಾಣದಿದ್ದರೂ 2023ರ ಮೇ ತಿಂಗಳಲ್ಲಿ ಕಾಗದದ ಮೇಲೆ ಚೆನ್ನಾಗಿ ಕಂಡಿತು. ಅಮೆರಿಕದ ಲೇಖಕರ ಸಂಘ ಮುಷ್ಕರ ಹೂಡಿತು. ಅದು 148 ದಿನ ನಡೆಯಿತು. ಶುರುವಿನಲ್ಲೇ ಡಿಸ್ನಿಯಂಥ ಸ್ಟುಡಿಯೊಗಳು ಶೋರನ್ನರ್‌ಗಳಿಗೆ ಪತ್ರ ಕಳಿಸಿದವು. ಸಾರಾಂಶ ಇಷ್ಟು: ಮುಷ್ಕರ ಹೂಡಿರುವುದು ಲೇಖಕರು, ನೀವು ನಿರ್ಮಾಪಕರೂ ಹೌದು, ಹಾಗಾಗಿ ಬರೆಯುವುದನ್ನು ನಿಲ್ಲಿಸಿ, ಉಳಿದ ಕೆಲಸಕ್ಕೆ ಬನ್ನಿ. ಅಂದರೆ ಒಂದೇ ಮನುಷ್ಯ, ಬಲಗೈಯಲ್ಲಿ ಫಲಕ ಹಿಡಿದು ಗೇಟಿನ ಹೊರಗೆ ಘೋಷಣೆ ಕೂಗಬೇಕು, ಎಡಗೈಯಲ್ಲಿ ಹಾಜರಿ ಹಾಕಿ ಎಡಿಟಿಂಗ್ ನೋಡಬೇಕು. ಹಲವರು ಎರಡೂ ಕೈಯಲ್ಲಿ ಫಲಕ ಹಿಡಿದರು.

ಈ ಅಧಿಕಾರ ಯಾರದು ಎಂಬುದು ಸ್ಪಷ್ಟವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2014ರ ‘ಟ್ರೂ ಡಿಟೆಕ್ಟಿವ್’ ಇದೆ. ಎಂಟು ಕಂತನ್ನೂ ನಿಕ್ ಪಿಝೊಲಾಟ್ಟೊ ಒಬ್ಬರೇ ಬರೆದರು, ಎಂಟನ್ನೂ ಕ್ಯಾರಿ ಫುಕುನಾಗ ಒಬ್ಬರೇ ನಿರ್ದೇಶಿಸಿದರು. ಅಪರೂಪದ ಏರ್ಪಾಡು. ನಾಲ್ಕನೇ ಕಂತಿನಲ್ಲಿ ಸುಮಾರು ಆರು ನಿಮಿಷ ಕಟ್ಟೇ ಇಲ್ಲದೆ ಸಾಗುವ ದೃಶ್ಯಕ್ಕೆ ಜಗತ್ತು ಬಾಯಿ ಬಿಟ್ಟಿತು. ನಿರ್ದೇಶನದ ಎಮ್ಮಿ ಫುಕುನಾಗ ಅವರಿಗೆ ಬಂತು. ಒಂದು ಸರಣಿಗೆ ಇಬ್ಬರು ಒಡೆಯರು ಎಂದಮೇಲೆ ಸೆಟ್ಟು ತಣ್ಣಗಿರುತ್ತದೆಯೇ? ಇರಲಿಲ್ಲ. ಮರುವರ್ಷದ ಎರಡನೇ ಸೀಸನ್ನಿಗೆ ಫುಕುನಾಗ ನಿರ್ದೇಶಿಸಲು ಬರಲಿಲ್ಲ, ಕಂತುಗಳನ್ನು ಬೇರೆ ಬೇರೆ ನಿರ್ದೇಶಕರು ಹಂಚಿಕೊಂಡರು. ಜನರಿಗೆ ಹಿಡಿಸಲಿಲ್ಲ. ಆಗ ನಮ್ಮ ‘ನಿರ್ದೇಶಕರ ಹಿಡಿತ’ದ ಪಂಡಿತರು ಗೆದ್ದೆವೆಂದು ಎದ್ದು ನಿಂತರು. ಅವರ ವಾದದಲ್ಲಿ ಸತ್ಯವಿದೆ, ಒಪ್ಪೋಣ. ಎಲ್ಲಾ ಕಂತನ್ನೂ ಒಬ್ಬರೇ ನಿರ್ದೇಶಿಸುವ ಕಿರು ಸರಣಿಯಲ್ಲಿ ನಿರ್ದೇಶಕ ಅತಿಥಿಯಲ್ಲ. ಆದರೆ ಒಬ್ಬರನ್ನು ಬಿಟ್ಟು ಮುಂದುವರಿಯುವ ಪ್ರಶ್ನೆ ಬಂದಾಗ ಸರಣಿ ಉಳಿದದ್ದು ಯಾರ ಕೈಯಲ್ಲಿ? ಬರೆದವರ ಕೈಯಲ್ಲಿ.

ಬರೆದವರೂ ಉಬ್ಬಬೇಕಿಲ್ಲ. ‘ಕಮ್ಯುನಿಟಿ’ ಎಂಬ ಹಾಸ್ಯ ಸರಣಿಯನ್ನು ಹುಟ್ಟುಹಾಕಿದ ಡ್ಯಾನ್ ಹಾರ್ಮನ್ ಅವರನ್ನೇ 2012ರಲ್ಲಿ ಸ್ಟುಡಿಯೊ ಮನೆಗೆ ಕಳಿಸಿತು. ಸೃಷ್ಟಿಕರ್ತ ಎಂಬ ಹೆಸರು ಪರದೆಯ ಮೇಲೆ ಹಾಗೇ ಇತ್ತು, ಕುರ್ಚಿಯಲ್ಲಿ ಬೇರೆ ಇಬ್ಬರಿದ್ದರು. ಅದೇ ನಟರು, ಅದೇ ಸೆಟ್ಟು, ಅದೇ ಪಾತ್ರಗಳು. ನಾಲ್ಕನೇ ಸೀಸನ್ ಮಾತ್ರ ಬಾಡಿಗೆ ಮನೆಯಂತೆ ಕಂಡಿತು. ಐದನೆಯದಕ್ಕೆ ಹಾರ್ಮನ್ ವಾಪಸ್ ಬಂದರು. ಬಂದವರು ಪಾತ್ರಗಳ ಬಾಯಲ್ಲೇ ಆ ಹಿಂದಿನ ವರ್ಷವನ್ನು ‘ಗ್ಯಾಸ್ ಸೋರಿದ ವರ್ಷ’ ಎಂದು ಕರೆಸಿದರು. ಶೋರನ್ನರ್ ಎಂಬುದು ಜನ್ಮಸಿದ್ಧ ಹಕ್ಕಲ್ಲ, ನೌಕರಿ.

ನಮ್ಮ ಧಾರಾವಾಹಿಗಳಲ್ಲಿ? ಟಿ.ಎನ್. ಸೀತಾರಾಂ ಕಾಲದಲ್ಲಿ ಬರೆಯುವವರು, ನಿರ್ದೇಶಿಸುವವರು, ಕೋರ್ಟಿನಲ್ಲಿ ವಾದಿಸುವ ವಕೀಲ ಸಿಎಸ್‌ಪಿ, ಎಲ್ಲಾ ಅವರೇ. ಮನೆಮನೆಯಲ್ಲಿ ‘ಸೀತಾರಾಂ ಧಾರಾವಾಹಿ’ ಎನ್ನುತ್ತಿದ್ದರು, ಅದು ಸರಿಯೂ ಆಗಿತ್ತು. ಈಗಿನ ದಿನನಿತ್ಯದ ಧಾರಾವಾಹಿಯಲ್ಲಿ ಕಥೆಗೊಬ್ಬರು, ಚಿತ್ರಕಥೆಗೊಬ್ಬರು, ಸಂಭಾಷಣೆಗೊಬ್ಬರು, ಪ್ರಧಾನ ನಿರ್ದೇಶಕರು, ಸಂಚಿಕೆ ನಿರ್ದೇಶಕರು. ಹೆಸರಿಗೇನೂ ಬರವಿಲ್ಲ. ಆದರೆ ಅತ್ತೆಗೆ ನೆನಪು ಮರಳಬೇಕೋ ಬೇಡವೋ ಎಂದು ತೀರ್ಮಾನಿಸುವುದು ಇವರಲ್ಲಿ ಯಾರೂ ಅಲ್ಲ, ಗುರುವಾರ ಬರುವ ಟಿಆರ್‌ಪಿ ಮತ್ತು ಅದನ್ನು ಓದುವ ಚಾನೆಲ್‌ನವರು. ಶೋರನ್ನರ್ ಕುರ್ಚಿ ನಮ್ಮಲ್ಲೂ ಇದೆ. ಅದರಲ್ಲಿ ಕೂತವರಿಗೆ ಬರೆಯಲು ಬರಬೇಕೆಂಬ ನಿಯಮ ಮಾತ್ರ ಇಲ್ಲ.

ಆದ್ದರಿಂದ ವಿಮರ್ಶಕ ಮಹಾಶಯರಲ್ಲಿ ಒಂದು ವಿನಂತಿ. ಕಥೆ ಮೂರನೇ ಸೀಸನ್ನಿನಲ್ಲಿ ದಾರಿ ತಪ್ಪಿದರೆ ಶೋರನ್ನರ್‌ಗೆ ಬೈಯಿರಿ. ಒಂದು ಕಂತು ಮಾತ್ರ ಕಣ್ಣಿಗೆ ಹಬ್ಬವಾದರೆ ಆ ಕಂತಿನ ನಿರ್ದೇಶಕರ ಹೆಸರು ಹುಡುಕಿ ಬರೆಯಿರಿ. ಇಬ್ಬರು ಒಂದೇ ಕೋಣೆಯಲ್ಲಿ ಮುಕ್ಕಾಲು ಗಂಟೆ ಮಾತಾಡುತ್ತಾ ಕೂತರೆ ಅಸ್ತಿತ್ವವಾದ, ಏಕಾಂತ, ಆಧುನಿಕ ಮನುಷ್ಯನ ತಳಮಳ ಎಂದೆಲ್ಲ ಬರೆಯುವ ಮುಂಚೆ ಆ ಸೀಸನ್ನಿನ ಲಾರಿ ಬಾಡಿಗೆ ಎಷ್ಟಾಗಿತ್ತು ಎಂದು ಒಮ್ಮೆ ವಿಚಾರಿಸಿ.